ಹೊಟ್ಟೆ ಯಾವ ಕಡೆ? ಓರೆ ಭಾರ ಹೊತ್ತ, ಸೊಟ್ಟಗಿರುವ ಪೈಪ್ ಕಂಬದ ಲೆಕ್ಕ

ಬ್ಯಾಡಗಿ ಹತ್ತಿರ ನಮ್ಮ ಮಾವನವರ ಒಂದು ಗೋದಾಮು ಇದೆ. ಅದರೊಳಗೆ ಚೀಲ ಇಡೋಕೆ ಒಂದು ಕಬ್ಬಿಣದ ಅಟ್ಟ ಹಾಕಿಸಬೇಕಿತ್ತು. ಪೈಪ್ ಕಂಬಗಳು ಹುಬ್ಬಳ್ಳಿ ಕಡೆಯಿಂದ ಟೆಂಪೋದಲ್ಲಿ ಬಂದವು. ಇಳಿಸುವಾಗ ನೋಡಿದರೆ ಒಂದು ಪೈಪ್ ಸ್ವಲ್ಪ ಬಾಗಿತ್ತು. ಫಿಟ್ಟರ್ ನಕ್ಕು, "ಸಣ್ಣ ಹೊಟ್ಟಿ ಬಂದೈತ್ರಿ ಸರ, ನಡಿತೈತಿ ಬಿಡ್ರಿ" ಅಂದ. ನಡೆಯುತ್ತೋ ಇಲ್ಲವೋ ಅಂತ ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದೇ ಪೈಪು, ಒಂದೇ ಭಾರ, ಒಂದೇ ಬಾಗು. ಆದರೆ ಆ ಹೊಟ್ಟೆಯನ್ನು ಯಾವ ಕಡೆಗೆ ತಿರುಗಿಸಿ ನಿಲ್ಲಿಸುತ್ತೀರಿ ಅನ್ನೋದರ ಮೇಲೆ ಕಂಬದ ತಾಕತ್ತು 106 ಕಿಲೋನ್ಯೂಟನ್ ಆಗಬಹುದು, 167 ಕೂಡ ಆಗಬಹುದು.

ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತೇನೆ. ಆಯ್ಲರ್ ಸೂತ್ರ ಕಾಲೇಜಲ್ಲಿ ಓದಿದ್ದು ನೆನಪಿದ್ದರೆ ಸಾಕು.

ಮೊದಲು ಕಂಬದ ಪರಿಚಯ

ಪೈಪಿನ ಹೊರ ವ್ಯಾಸ 114.3 ಮಿ.ಮೀ., ದಪ್ಪ 4.5 ಮಿ.ಮೀ. ಅಂಗಡಿಯಲ್ಲಿ ನಾಲ್ಕಿಂಚಿನ ಮೀಡಿಯಂ ಪೈಪ್ ಅಂತಾರಲ್ಲ, ಅದೇ. ಉದ್ದ 4 ಮೀಟರ್. ಸ್ಟೀಲ್ 240 ಎಂಪಿಎಗೆ ಯೀಲ್ಡ್ ಆಗುವ ದರ್ಜೆ. ಇದರಿಂದ ಬೇಕಾದ ಅಂಕಿಗಳು ಇವು:

```
A  = 1552 mm²
I  = 2.343 × 10^6 mm⁴
c  = 57.15 mm          (ನಡುವಿನಿಂದ ಹೊರ ಅಂಚಿಗೆ)
r² = I/A = 1509.5 mm²
r²/c = 26.4 mm
Pe = π²EI/L² = 289 kN  (E = 2 × 10^5 N/mm²)
```

ಇದರಲ್ಲಿ `r²/c` ಮೇಲೆ ಒಂದು ಕಣ್ಣಿಡಿ. ಅದರ ಅರ್ಥ ಇಷ್ಟೇ: ಭಾರ ನಡುವಿನಿಂದ 26.4 ಮಿ.ಮೀ. ಸರಿದರೆ, ಕಂಬ ಬಾಗುವ ಮೊದಲೇ ಒಂದು ಅಂಚಿನಲ್ಲಿ ಒತ್ತಡ ಡಬಲ್ ಆಗುತ್ತದೆ. ಅಂದರೆ ಒಂದಿಂಚು ಆಚೀಚೆ ಆದರೆ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ಉತ್ತರ ಇಲ್ಲೇ ಇದೆ.

ಭಾರ ನಡುವೆಯೇ ಬಿದ್ದು, ಪೈಪ್ ದಾರ ಹಿಡಿದಷ್ಟು ನೇರ ಇದ್ದರೆ ಆಯ್ಲರ್ ಸೂತ್ರದ `Pe`, ಅಂದರೆ 289 ಕಿಲೋನ್ಯೂಟನ್‌ವರೆಗೆ ಹೋಗಬಹುದು. ಆ ಅಂಕಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ಆದರೆ ನಂಬಬೇಡಿ.

ಹಂತ 1: ಓರೆ ಎಷ್ಟು ಅಂತ ಹುಡುಕಿ

ಮುಂದೆ ಹಾಕುವ ಸೀಕೆಂಟ್ ಸೂತ್ರದಲ್ಲಿ `e` ಅಂದರೆ ಭಾರ ನಡುಗೆರೆಯಿಂದ ಎಷ್ಟು ಸರಿದಿದೆ ಅನ್ನೋದು. ಇದನ್ನು ಡ್ರಾಯಿಂಗ್ ನೋಡಿ ಬರೆದುಕೊಂಡರೆ ಮೋಸ ಹೋಗುತ್ತೀರಿ. ನಮ್ಮ ಕಂಬದ ತಲೆ ಮೇಲೆ ಒಂದು ಕ್ಯಾಪ್ ಪ್ಲೇಟ್ ಇದೆ, ಅದರ ಮೇಲೆ ಒಂದೇ ಕಡೆಯಿಂದ ಬೀಮ್ ಬಂದು ಕೂರುತ್ತದೆ. ಡ್ರಾಯಿಂಗಲ್ಲಿ ಬಾಣದ ಗುರುತು ಪ್ಲೇಟಿನ ನಡುವೆ ಇತ್ತು. ಆದರೆ ಚೀಲ ಹೇರಿದ ಮೇಲೆ ಬೀಮ್ ಸ್ವಲ್ಪ ಜೋತು ಬೀಳುತ್ತದೆ, ಅದರ ತುದಿ ತಿರುಗುತ್ತದೆ, ಆಗ ಅದು ಪ್ಲೇಟಿನ ಒಳ ಅಂಚನ್ನೇ ಒತ್ತುತ್ತದೆ. ಭಾರ ಅಟ್ಟದ ಕಡೆಗೆ ಸರಿಯಿತು ಅಂತಾಯ್ತು. ಅಳತೆ ಮಾಡಿ, ಬೀಮ್ ಎಲ್ಲಿ ಕೂರಬಹುದು ಅಂತ ನೋಡಿ, ನಾನು `e = 25 mm` ಹಿಡಿದೆ.

ಸೀಕೆಂಟ್ ಸೂತ್ರ ಎರಡೂ ತುದಿಯಲ್ಲಿ ಒಂದೇ ಕಡೆಗೆ ಅಷ್ಟೇ ಓರೆ ಇದೆ ಅಂತ ಹಿಡಿಯುತ್ತದೆ. ನಮ್ಮ ಕಂಬದ ಬುಡದಲ್ಲಿ ಅಷ್ಟು ಓರೆ ಇಲ್ಲ. ಹಾಗಾಗಿ ಬರುವ ಉತ್ತರ ಸುರಕ್ಷಿತ ಕಡೆಗೇ ಇರುತ್ತದೆ, ಅದು ನಡೆಯುತ್ತೆ.

ಹಂತ 2: ಸೀಕೆಂಟ್ ಸೂತ್ರ ಹಾಕಿ

```
σ = (P/A) [ 1 + (e·c/r²) · sec( (π/2)·√(P/Pe) ) ]
```

ಒಳಗೆ ಏನು ನಡೆಯುತ್ತಿದೆ ಅಂತ ಒಂದು ಮಾತು. ಓರೆ ಭಾರ ಕಂಬವನ್ನು ಬಾಗಿಸುತ್ತದೆ. ಬಾಗಿದ ಕೂಡಲೇ ನಡುಭಾಗ ಭಾರದ ಗೆರೆಯಿಂದ ಇನ್ನೂ ದೂರ ಹೋಗುತ್ತದೆ. ದೂರ ಹೋದರೆ ಇನ್ನೂ ಜಾಸ್ತಿ ಬಾಗುತ್ತದೆ. ಈ ಸುತ್ತು ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ಹೇಳೋದೇ ಆ `sec`. ಅದರ ಬೆಲೆ 1 ಇದ್ದರೆ ಕಂಬ ಬಾಗಲೇ ಇಲ್ಲ ಅಂತ ಅರ್ಥ, 2 ಇದ್ದರೆ ನಡುವಿನಲ್ಲಿ ಓರೆ ಡಬಲ್ ಆಗಿದೆ ಅಂತ.

ಕಷ್ಟ ಏನೆಂದರೆ `P` ಹೊರಗೂ ಇದೆ, `sec` ಒಳಗೂ ಇದೆ. ನೇರವಾಗಿ ಬಿಡಿಸೋಕೆ ಬರಲ್ಲ. ಒಂದು `P` ಊಹಿಸಿ, ಅಂಚಿನ ಒತ್ತಡ σ ನೋಡಿ, 240 ಬರುವ ತನಕ ಹೆಚ್ಚು ಕಮ್ಮಿ ಮಾಡಬೇಕು. ನಮ್ಮ ಕಂಬಕ್ಕೆ `e·c/r²` ಅಂದರೆ 25/26.4, ಹತ್ತಿರ ಹತ್ತಿರ 0.947.

100 ಕಿಲೋನ್ಯೂಟನ್ ಹಾಕಿ ನೋಡಿದೆ. `P/Pe` 0.346, ಅದರ ವರ್ಗಮೂಲ 0.588, ಅದನ್ನು `π/2`ರಿಂದ ಗುಣಿಸಿದರೆ 0.924. `sec` 1.66 ಬಂತು. `P/A` 64.4. ಒಟ್ಟು σ 166 ಎಂಪಿಎ. ಇನ್ನೂ ಜಾಗ ಇದೆ. 130 ಹಾಕಿದೆ, 244 ಬಂತು, ಸ್ವಲ್ಪ ಮೀರಿತು. 128.6ಕ್ಕೆ ಸರಿಯಾಗಿ 240.

ಗಮನಿಸಿದಿರಾ? ಭಾರ 30% ಏರಿತು, ಒತ್ತಡ 47% ಏರಿತು. ಇದು ಮುಂದೆ ಬೇಕಾಗುತ್ತದೆ.

ಇಲ್ಲಿ ನಾನೇ ಒಂದು ಸಲ ಎಡವಿದ್ದೇನೆ. ಫೋನಿನ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು. 0.924 ಅನ್ನೋದು ರೇಡಿಯನ್, ಡಿಗ್ರಿ ಅಲ್ಲ. 0.924 ಡಿಗ್ರಿಯ ಕೊಸೈನ್ ಸುಮಾರು 0.9999, ಹಾಗಾಗಿ `sec` ಒಂದೇ ಆಗಿ ಹೋಯ್ತು, ಕಂಬ ಬಾಗುವುದೇ ಇಲ್ಲ ಅನ್ನೋ ತರಹ. ಉತ್ತರ 191 ಕಿಲೋನ್ಯೂಟನ್ ಬಂತು. ಇದರಲ್ಲಿ ಕೆಟ್ಟದ್ದು ಏನು ಅಂದರೆ, 191 ನೋಡೋಕೆ ತಪ್ಪು ಉತ್ತರದ ತರಹ ಕಾಣೋದೇ ಇಲ್ಲ. ಆಯ್ಲರ್ ಅಂಕಿಗಿಂತ ಕಮ್ಮಿ ಇದೆ, ಸರಿ ಇರಬಹುದು ಅನ್ಸುತ್ತೆ. ಅದಕ್ಕೇ ಈಗ ನಾನು `cos` ಇಲ್ಲದೆಯೂ ಒಂದು ಸಲ ತಾಳೆ ನೋಡುತ್ತೇನೆ. `P/Pe`ಗೆ `k` ಅಂತ ಹೆಸರಿಟ್ಟರೆ:

```
sec ≈ (1 + 0.25k) / (1 − k)
```

`k` 0.346 ಇದ್ದಾಗ ಇದೂ 1.66 ಕೊಡುತ್ತದೆ. ಅಂಗಡಿಯ ಸಾದಾ ಕ್ಯಾಲ್ಕುಲೇಟರಲ್ಲೇ ಆಗುತ್ತದೆ, ಡಿಗ್ರಿ ರೇಡಿಯನ್ ಗೋಜಿಲ್ಲ.

ಇನ್ನೊಂದು: `P` ಏನಾದರೂ `Pe` ದಾಟಿದರೆ `sec` ಮೈನಸ್ ಆಗುತ್ತದೆ, σ ಕೂಡ ಏನೇನೋ ಬರುತ್ತದೆ. ಅದು ಉತ್ತರ ಅಲ್ಲ, ಕಂಬ ಆಗಲೇ ಹೋಗಿದೆ.

ಹಂತ 3: ಬಾಗು ಅಳೆಯಿರಿ

ಇದು ಸುಲಭ, ಆದರೆ ಹೆಚ್ಚಿನವರು ತಪ್ಪು ಮಾಡೋದೂ ಇಲ್ಲೇ. ಪೈಪನ್ನು ನೆಲದ ಮೇಲೆ ಎರಡು ಕಟ್ಟಿಗೆ ತುಂಡಿನ ಮೇಲೆ ಮಲಗಿಸಿ. ಎರಡೂ ತುದಿಯಲ್ಲಿ ಪಕ್ಕಕ್ಕೆ ಒಂದೇ ಅಳತೆಯ ಎರಡು ನಟ್ ಇಟ್ಟು, ಅವುಗಳ ಮೇಲಿಂದ ಲೈನ್‌ದಾರ ಬಿಗಿಯಾಗಿ ಎಳೆಯಿರಿ. ನಟ್ ಯಾಕೆ ಅಂದರೆ, ದಾರ ಪೈಪಿಗೆ ಎಲ್ಲೂ ತಾಗಬಾರದು. ಈಗ ನಡುವಿನಲ್ಲಿ ದಾರಕ್ಕೂ ಪೈಪಿಗೂ ಎಷ್ಟು ಸಂದು ಇದೆ ನೋಡಿ, ಅದಕ್ಕೂ ನಟ್ಟಿನ ದಪ್ಪಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಅದೇ ಬಾಗು. ಪೈಪನ್ನು ಸ್ವಲ್ಪ ಸ್ವಲ್ಪ ಹೊರಳಿಸುತ್ತಾ ಅಳೆದು, ಎಲ್ಲಿ ಜಾಸ್ತಿ ಬರುತ್ತೋ ಅದನ್ನು `a0` ಅಂತ ಬರೆದುಕೊಳ್ಳಿ.

ದಾರವನ್ನು ಪಕ್ಕಕ್ಕೇ ಹಿಡಿಯಬೇಕು, ಮೇಲೆ ಅಲ್ಲ. ಮೇಲೆ ಹಿಡಿದರೆ ಪೈಪ್ ತನ್ನದೇ ತೂಕಕ್ಕೆ ಜೋತು ಬಿದ್ದಿದ್ದೂ ಸೇರಿಕೊಳ್ಳುತ್ತದೆ. ಮೀಟರಿಗೆ ಸುಮಾರು 12 ಕೆ.ಜಿ. ತೂಗುವ ಈ ಪೈಪಿಗೆ ಅದು ಒಂದು ಮಿ.ಮೀ.ಗಿಂತ ಕಮ್ಮಿಯೇ, ಆದರೆ ಉದ್ದ ಹೆಚ್ಚಾದರೆ ಬೇಗ ಬೆಳೆಯುತ್ತದೆ.

ನಡುವಿನಲ್ಲಿ ನನಗೆ 15 ಮಿ.ಮೀ. ಸಿಕ್ಕಿತು. ಅಷ್ಟಕ್ಕೇ ಬಿಡದೆ ಕಾಲು ಭಾಗದಲ್ಲೂ, ಅಂದರೆ ತುದಿಯಿಂದ ಒಂದು ಮೀಟರಿನಲ್ಲೂ ಅಳೆಯಿರಿ. ಪೈಪ್ ಉದ್ದಕ್ಕೂ ನಯವಾಗಿ ಬಾಗಿದ್ದರೆ ಅಲ್ಲಿ ನಡುವಿನದರ ಸುಮಾರು 0.7 ಪಾಲು ಬರುತ್ತದೆ, ನಮಗೆ 10.6ರ ಹತ್ತಿರ. ಅದರ ಬದಲು 7.5ರ ಹತ್ತಿರ ಬಂದರೆ ಪೈಪ್ ಬಾಗಿದ್ದಲ್ಲ, ನಡುವೆ ಒಂದೇ ಕಡೆ ಮುರುಕು ಬಿದ್ದಿದೆ. ಕೈ ಸವರಿದರೆ ಅಲ್ಲಿ ತಗ್ಗೂ ಸಿಗಬಹುದು. ಅಂಥ ಪೈಪಿಗೆ ಮುಂದಿನ ಸೂತ್ರ ಅನ್ವಯಿಸಲ್ಲ. ಸುಮ್ನೆ ವಾಪಸ್ ಕಳಿಸಿ. ನಮ್ಮದರಲ್ಲಿ 10 ಮಿ.ಮೀ. ಬಂತು, ನಯವಾದ ಬಾಗು.

ಹಂತ 4: ಬಾಗಿನ ಲೆಕ್ಕ

ಮೊದಲೇ ಬಾಗಿರುವ ಕಂಬದ ಲೆಕ್ಕವನ್ನು 1886ರಲ್ಲಿ ಆಯರ್ಟನ್ ಮತ್ತು ಪೆರ್ರಿ ಕೊಟ್ಟರು, 1925ರಲ್ಲಿ ರಾಬರ್ಟ್‌ಸನ್ ಪ್ರಯೋಗಗಳಿಗೆ ಹೊಂದಿಸಿದರು. ಅದಕ್ಕೇ ಪೆರ್ರಿ–ರಾಬರ್ಟ್‌ಸನ್ ಅಂತ ಹೆಸರು. ನಮ್ಮ ಸ್ಟೀಲ್ ಕೋಡ್ ಐಎಸ್ 800 (2007) ಕಂಬದ ವಕ್ರರೇಖೆಗಳೂ ಇದೇ ಬುಡದ ಮೇಲೆ ನಿಂತಿವೆ.

```
σ = (P/A) [ 1 + (a0·c/r²) / (1 − P/Pe) ]
```

ಸೀಕೆಂಟ್ ಸೂತ್ರದ ಅಣ್ಣತಮ್ಮ ಇದು. `sec` ಬದಲು `1/(1 − P/Pe)` ಬಂದಿದೆ, ಅಷ್ಟೇ. ಓರೆ ಇಲ್ಲ, ಬರೀ 4 ಮಿ.ಮೀ. ಬಾಗು ಇದೆ ಅಂದುಕೊಳ್ಳಿ. ಉದ್ದದ ಸಾವಿರದಲ್ಲಿ ಒಂದು ಭಾಗ, ನೇರತನಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ. ಆಗಲೂ 289 ಇದ್ದದ್ದು 223 ಕಿಲೋನ್ಯೂಟನ್‌ಗೆ ಇಳಿಯುತ್ತದೆ. ಕಣ್ಣಿಗೆ ನೇರ ಕಾಣುವ ಪೈಪಿನ ಕಥೆ ಇದು! 15 ಮಿ.ಮೀ.ಗೆ 162ಕ್ಕೆ ಇಳಿಯುತ್ತದೆ.

ಐಎಸ್ 800ರ ವಕ್ರರೇಖೆ ಬಳಸಿದೆ, ಅದರಲ್ಲಿ ಬಾಗು ಸೇರಿದೆ ಅಂತ ಕೆಲವರು ವಾದ ಮಾಡುತ್ತಾರೆ. ಸೇರಿದೆ ನಿಜ, ಆದರೆ ಅದು ಮಾಮೂಲಿ ಸಣ್ಣ ಬಾಗಿಗೆ. ಮಿತಿಯ ಸುಮಾರು ನಾಲ್ಕು ಪಟ್ಟು ಬಾಗಿದ ಪೈಪಿಗೆ ಅಲ್ಲ.

ಹಂತ 5: ಎರಡನ್ನೂ ಕೂಡಿಸಿ

ಓರೆ ಮತ್ತು ಬಾಗು ಎರಡೂ ಇದ್ದಾಗ ಅವನ್ನು ಸೂತ್ರದಲ್ಲಿ ಸುಮ್ನೆ ಕೂಡಿಸಬಹುದು. ಕಂಬದ ಸಮೀಕರಣದಲ್ಲಿ ಇವೆರಡೂ ಬೇರೆ ಬೇರೆ ಪದಗಳಾಗಿ ಕೂರುತ್ತವೆ, ಒಂದನ್ನೊಂದು ಗುಣಿಸಲ್ಲ. ಆದರೆ ಸಹಿ ನೋಡಿಕೊಳ್ಳಿ. ಹೊಟ್ಟೆ ಭಾರದಿಂದ ದೂರಕ್ಕೆ ಉಬ್ಬಿದ್ದರೆ ಪ್ಲಸ್, ಭಾರದ ಕಡೆಗೇ ಉಬ್ಬಿದ್ದರೆ ಮೈನಸ್.

ಇದು ತಲೆಕೆಳಗು ಅನ್ಸುತ್ತೆ ಅಲ್ವಾ? ಹೀಗೆ ನೋಡಿ. ಅಟ್ಟದ ಕಡೆ ಅಂಚಿಗೆ ಭಾರ ಬಿದ್ದರೆ ಕಂಬದ ನಡು ಅಟ್ಟದಿಂದ ದೂರಕ್ಕೆ ತಳ್ಳಿಕೊಳ್ಳುತ್ತದೆ. ಬಳುಕುವ ಒಂದು ಸ್ಕೇಲನ್ನು ಎರಡು ಬೆರಳಿಂದ ಬಲ ಅಂಚಿನಲ್ಲಿ ಒತ್ತಿ, ನಡು ಎಡಕ್ಕೆ ಹೋಗುತ್ತದೆ. ಹೊಟ್ಟೆ ಮೊದಲೇ ಆ ಕಡೆಗಿದ್ದರೆ ಎರಡೂ ಸೇರಿಕೊಂಡು ತಳ್ಳುತ್ತವೆ. ಹೊಟ್ಟೆ ಅಟ್ಟದ ಕಡೆಗಿದ್ದರೆ ಒಂದನ್ನೊಂದು ಕಡಿಯುತ್ತವೆ.

ಊಹಿಸಿ ಊಹಿಸಿ ಬೇಸರ ಆದವರಿಗೆ:

```python
from math import pi, sqrt, cos
A, I, c, L, E, fy = 1552, 2.343e6, 57.15, 4000, 2e5, 240
e, a0 = 25, 15
r2 = I/A
Pe = pi**2*E*I/L**2
def s(P):
    k = P/Pe
    return P/A*(1 + e*c/r2/cos(pi/2*sqrt(k)) + a0*c/r2/(1-k))
lo, hi = 0, 0.999*Pe
for _ in range(60):
    m = (lo+hi)/2
    if s(m) < fy: lo = m
    else: hi = m
print(lo/1000)
```

`a0 = 15` ಹಾಕಿದರೆ ಸುಮಾರು 106 ಕಿಲೋನ್ಯೂಟನ್. `a0 = 0`ಗೆ 128.6. `a0 = -15`ಗೆ ಸುಮಾರು 167. ಪೈಪನ್ನು ಅರ್ಧ ಸುತ್ತು ತಿರುಗಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಹಂತ 6: ಸುರಕ್ಷತೆಯನ್ನು ಭಾರಕ್ಕೆ ಹಾಕಿ, ಒತ್ತಡಕ್ಕೆ ಅಲ್ಲ

ಇಡೀ ಲೆಕ್ಕದಲ್ಲಿ ಅತಿ ದುಬಾರಿ ತಪ್ಪು ಇದು. ಒಂದು ಕಂಬದ ಪಾಲಿಗೆ 14 ಚದರ ಮೀಟರ್ ಅಟ್ಟ ಬರುತ್ತದೆ. ಅಟ್ಟದ ತೂಕ, ಚೀಲ ಎಲ್ಲ ಸೇರಿ ಚದರ ಮೀಟರಿಗೆ 5 ಕಿಲೋನ್ಯೂಟನ್ ಹಿಡಿದೆ. ಕಂಬಕ್ಕೆ 70 ಕಿಲೋನ್ಯೂಟನ್ ಆಯ್ತು. ಭಾರಕ್ಕೆ 1.5, ಸ್ಟೀಲಿಗೆ 1.1 ಅಂತ ಐಎಸ್ 800 ಕೊಡುವ ಅಂಶಗಳನ್ನು ಗುಣಿಸಿದರೆ ಒಟ್ಟು 1.65 ಪಟ್ಟು ಬೇಕು ಅಂತ ಇಟ್ಟುಕೊಂಡೆ.

ಹೊಟ್ಟೆ ಕೆಟ್ಟ ಕಡೆಗಿರುವಾಗ 70 ಕಿಲೋನ್ಯೂಟನ್‌ಗೆ σ ಎಷ್ಟು? 138.5 ಎಂಪಿಎ. 240ನ್ನು ಅದರಿಂದ ಭಾಗಿಸಿದರೆ 1.73. ಪಾಸ್ ಆಯ್ತು ಅನ್ಸುತ್ತೆ. ಆದರೆ ಭಾರ 1.65 ಪಟ್ಟು ಆದಾಗ ಒತ್ತಡ ಅದಕ್ಕಿಂತ ಜಾಸ್ತಿ ಪಟ್ಟು ಏರುತ್ತದೆ, ಹಂತ 2ರಲ್ಲಿ ನೋಡಿದೆವಲ್ಲ. ನಿಜವಾದ ಅಂತರ ಅಂದರೆ 106ನ್ನು 70ರಿಂದ ಭಾಗಿಸಿದ್ದು, 1.51. ಫೇಲ್. ಅದೇ ಕಂಬವನ್ನು ತಿರುಗಿಸಿ ನಿಲ್ಲಿಸಿದರೆ 2.39.

ಹಾಗಂತ ತಿರುಗಿಸಿ ಬಿಟ್ಟರೆ ಮುಗೀತು ಅಂತ ನಾನು ಹೇಳಲ್ಲ. ತಿರುಗಿಸಿ, ಆದರೆ ಅದರ ಲಾಭವನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಳೆ ಯಾರೋ ಕಂಬದ ಆಚೆ ಕಡೆಗೂ ಅಟ್ಟ ಬೆಳೆಸಿದರೆ ಓರೆಯ ದಿಕ್ಕೇ ಬದಲಾಗುತ್ತದೆ. ಹೊಟ್ಟೆ ಕೆಟ್ಟ ಕಡೆಗೇ ಇದೆ ಅಂತ ಹಿಡಿದು ಓರೆಯನ್ನು ಕಮ್ಮಿ ಮಾಡೋದು ಸರಿಯಾದ ದಾರಿ. ನಾವು ಮಾಡಿದ್ದು ಇಷ್ಟು: ಕ್ಯಾಪ್ ಪ್ಲೇಟಿನ ನಡುವೆ ಒಂದು ಸಣ್ಣ ದಪ್ಪ ಪಟ್ಟಿ ಬೆಸುಗೆ ಹಾಕಿ, ಬೀಮ್ ಅದರ ಮೇಲೆ ಮಾತ್ರ ಕೂರುವ ಹಾಗೆ ಮಾಡಿದೆವು. ಬೀಮಿನ ತುದಿ ತಿರುಗಿದರೂ ಭಾರ ಆ ಪಟ್ಟಿ ಬಿಟ್ಟು ಹೋಗಲ್ಲ. `e` 10ಕ್ಕೆ ಇಳಿಯಿತು. ಈಗ ಹೊಟ್ಟೆ ಕೆಟ್ಟ ಕಡೆಗಿದ್ದರೂ 132 ಕಿಲೋನ್ಯೂಟನ್, ಅಂದರೆ 1.89 ಪಟ್ಟು. ಒಂದು ತುಂಡು ಪಟ್ಟಿಯ ಕೆಲಸ.

ಈ ಲೆಕ್ಕ ಎಲ್ಲಿ ಕೈ ಕೊಡುತ್ತದೆ

ಇದೆಲ್ಲ ಕಂಬದ ತಲೆ ಆಚೀಚೆ ಸರಿಯುವುದಿಲ್ಲ ಅಂತ ಹಿಡಿದ ಲೆಕ್ಕ. ನಮ್ಮ ಅಟ್ಟ ಗೋಡೆಗೆ ಕಟ್ಟಿಕೊಂಡಿತ್ತು, ಬ್ರೇಸಿಂಗೂ ಇತ್ತು. ಎರಡೂ ಇಲ್ಲದೆ, ಬುಡ ಬಿಗಿಯಾಗಿ ತಲೆ ಮಾತ್ರ ಬಿಟ್ಟುಕೊಂಡಿದ್ದರೆ 4 ಮೀಟರ್ ಬದಲು 8 ಮೀಟರ್ ಹಾಕಬೇಕು. ಆಗ `Pe` ನಾಲ್ಕನೇ ಒಂದು ಭಾಗ, 72 ಕಿಲೋನ್ಯೂಟನ್. 25 ಮಿ.ಮೀ. ಓರೆಗೆ ಬಾಗೇ ಇಲ್ಲದಿದ್ದರೂ 57ಕ್ಕೇ ಯೀಲ್ಡ್ ಶುರು. ನಮ್ಮ 70 ಹೊರುವ ಮಾತೇ ಇಲ್ಲ. ಬ್ರೇಸಿಂಗ್ ದಾರಿಗೆ ಅಡ್ಡ ಬರುತ್ತೆ ಅಂತ ಬಿಚ್ಚುವವರು ಈ ಅಂಕಿ ನೋಡಬೇಕು.

ಇನ್ನು, ಸೂತ್ರ ಹೇಳೋದು ಅಂಚು ಮೊದಲು ಯೀಲ್ಡ್ ಆಗುವ ಭಾರವನ್ನು, ಕಂಬ ಕುಸಿಯುವ ಭಾರವನ್ನಲ್ಲ. ಆಮೇಲೂ ಪೈಪ್ ಸ್ವಲ್ಪ ತಡೆಯುತ್ತದೆ. ಆದರೆ ಪೈಪ್ ತಯಾರಿಸುವಾಗ ಒಳಗೆ ಉಳಿದುಕೊಂಡ ಒತ್ತಡ ಈ ಲೆಕ್ಕದಲ್ಲಿ ಬಂದಿಲ್ಲ, ಹಾಗಾಗಿ ಆ ಉಳಿಕೆಯನ್ನು ಮುಟ್ಟೋಕೆ ಹೋಗಬೇಡಿ. ಹೊಸ ಡಿಸೈನ್ ಆದರೆ ಐಎಸ್ 800 ಪ್ರಕಾರವೇ ಪೂರ್ತಿ ಮಾಡಿ. ಈ ಲೆಕ್ಕ ಸೈಟಿಗೆ ಬಂದಿಳಿದ ಪೈಪನ್ನು ಒಪ್ಪಬೇಕೋ ಬೇಡವೋ ಅಂತ ನೋಡೋದಕ್ಕೆ.

ಹಂತ 7: ನಿಲ್ಲಿಸುವ ದಿನ, ಮತ್ತು ಆಮೇಲೆ

ಹೊಟ್ಟೆ ಇರುವ ಕಡೆಗೆ ಪೈಪಿನ ಎರಡೂ ತುದಿಯಲ್ಲಿ ಬಣ್ಣದಿಂದ ಬಾಣ ಬರೆಯಿರಿ. ಸೀಮೆಸುಣ್ಣ ಬೇಡ, ಎತ್ತುವಾಗ ಅಳಿಸಿ ಹೋಗುತ್ತದೆ. ಕ್ಯಾಪ್ ಪ್ಲೇಟ್ ಬೆಸುಗೆ ಹಾಕುವ ಮೊದಲೇ ಬಾಣ ಇರಬೇಕು, ಪ್ಲೇಟಿನ ಬೋಲ್ಟ್ ತೂತು ಒಂದು ಸಲ ಕೂತರೆ ಪೈಪ್ ಆಮೇಲೆ ತಿರುಗಲ್ಲ. ಫಿಟ್ಟರಿಗೆ "ಬಾಣ ಅಟ್ಟದ ಕಡೆ ಇರ್ಲಿ" ಅಂದೆ. "ಅಷ್ಟ ಆತು ಬಿಡ್ರಿ" ಅಂದ. ಆದರೂ ನಿಂತು ನೋಡಿದೆ.

ಚೀಲ ಹೇರುವ ಮೊದಲು ಕಂಬದ ಪಕ್ಕ ಮೇಲಿಂದ ಕೆಳಗೆ ದಾರ ಕಟ್ಟಿ, ನಡುವಿನ ಸಂದು ಅಳೆದು, ಕಂಬದ ಮೇಲೇ ಬರೆದಿಡಿ. ಪೂರ್ತಿ ಹೇರಿದ ಮೇಲೆ ಮತ್ತೆ ಅಳೆಯಿರಿ. ಪಟ್ಟಿ ಹಾಕದೆ 25 ಮಿ.ಮೀ. ಓರೆ ಇದ್ದು, ಹೊಟ್ಟೆಯೂ ಕೆಟ್ಟ ಕಡೆಗಿದ್ದಿದ್ದರೆ 70 ಕಿಲೋನ್ಯೂಟನ್‌ಗೆ ನಡು ಇನ್ನೂ ಸುಮಾರು 15 ಮಿ.ಮೀ. ಸರಿಯಬೇಕಿತ್ತು, ಓರೆಯಿಂದ 10, ಹಳೆ ಬಾಗಿನಿಂದ 5. ಪಟ್ಟಿ ಹಾಕಿ, ಹೊಟ್ಟೆ ಅಟ್ಟದ ಕಡೆಗಿದ್ದರೆ ಈ ಎರಡೂ ಹೆಚ್ಚು ಕಡಿಮೆ ಒಂದನ್ನೊಂದು ಕಡಿದು ಹಾಕುತ್ತವೆ, ದಾರದ ಸಂದು ಬದಲಾಗಿದ್ದೇ ಗೊತ್ತಾಗಬಾರದು. ಏಳೆಂಟು ಮಿ.ಮೀ. ಸರಿದಿದ್ದರೆ ಚೀಲ ಇಳಿಸಿ, ಬೀಮ್ ಪಟ್ಟಿಯ ಮೇಲೇ ಕೂತಿದೆಯಾ ಅಂತ ಮೊದಲು ನೋಡಿ. ಅದು ಸರಿ ಇದ್ದರೆ ತಲೆಯಿಂದ ತೂಗುಗುಂಡು ಇಳಿಬಿಟ್ಟು, ಕಂಬದ ತಲೆಯೇ ಸರಿದಿದೆಯಾ ನೋಡಿ.